ಖಾಲಿ ಬೋರ್ಡು

ಚನ್ನಗಿರಿಯಲ್ಲಿ ನನ್ನ ಮೊದಲ ಬೆಳಿಗ್ಗೆ, ಅಂಗಳದ ತೊಟ್ಟಿ ತುಂಬಿ ನೀರು ಚರಂಡಿಗೆ ಹರಿಯುತ್ತಿತ್ತು. ಯಾರೂ ಓಡಿ ಬರಲಿಲ್ಲ. ನಾನೇ ಬರಿಗಾಲಲ್ಲಿ ಓಡಿ ನಲ್ಲಿ ನಿಲ್ಲಿಸಿದೆ. ಮನೆಯೊಡತಿ ಗಿರಿಜಕ್ಕ ಬಾಗಿಲಲ್ಲಿ ನಿಂತು ನಕ್ಕರು. "ಜಗಳೂರು ಕಡೆಯೋರು ಅಂತ ನೀನು ಹೇಳಾಕೇ ಬೇಕಿಲ್ಲ ಬಿಡವ್ವ."

ನೀರಿಗೆ ಬರವಿರುವ ಜಗಳೂರು ಕಡೆಯ ನನ್ನೂರು ಬಿಳಿಚೋಡಿನಿಂದ ಚನ್ನಗಿರಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಆದರೂ ಬೇರೆ ದೇಶಕ್ಕೆ ಬಂದಂತಿತ್ತು. ನಮ್ಮಲ್ಲಿ ಒಗೆದ ಬಟ್ಟೆ ಊಟ ಮುಗಿಯುವಷ್ಟರಲ್ಲಿ ಒಣಗುತ್ತದೆ, ಇಲ್ಲಿ ಮರುದಿನವೂ ತಣ್ಣಗಿರುತ್ತದೆ. ನಮ್ಮಲ್ಲಿ ತಟ್ಟೆಯಲ್ಲಿ ಮೊದಲು ರೊಟ್ಟಿ, ಇಲ್ಲಿ ಅನ್ನ. ನಮ್ಮಲ್ಲಿ ಸಂಜೆಯಾದರೆ ಕುರಿಗಳ ಸದ್ದು, ಇಲ್ಲಿ ಕಪ್ಪೆಗಳದ್ದು. ಸೂಳೆಕೆರೆಯ ಮೀನು ಮಾರುವ ಹೆಂಗಸು ಬಾಗಿಲಿಗೆ ಬಂದರೆ ಏನು ಕೇಳಬೇಕು, ಯಾವ ಮೀನಿಗೆ ಏನು ಹೆಸರು ಎಂಬುದೂ ನನಗೆ ಗೊತ್ತಿರಲಿಲ್ಲ. ಗಿರಿಜಕ್ಕನನ್ನು ಕೇಳುತ್ತಿದ್ದೆ. ಅವರು ನಗುತ್ತಿದ್ದರು, ಆಮೇಲೆ ಹೇಳಿಕೊಡುತ್ತಿದ್ದರು.

ಬಸ್ ನಿಲ್ದಾಣದ ಹಿಂದೆ, ಬೀಜದ ಅಂಗಡಿಯ ಮಹಡಿಯಲ್ಲಿ ನಮ್ಮ ಆಫೀಸು. ಆರು ಜನ. ಕುರಿಗಾರರಿಗಾಗಿ ನಡೆಯುವ ಒಂದು ಫೋನ್ ಸೇವೆಯ ಸಾಫ್ಟ್‌ವೇರ್ ನಮ್ಮದು. ಜಗಳೂರು ಕಡೆಯ ಕುರಿಗಾರರು ಕೊಯ್ಲಿನ ನಂತರ ಹೊನ್ನಾಳಿ, ನ್ಯಾಮತಿಯ ಹೊಲಗಳಿಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ಖಾಲಿ ಹೊಲದಲ್ಲಿ ಕುರಿ ತರುಬಿದರೆ, ಅಂದರೆ ಕೆಲವು ದಿನ ಮಂದೆ ನಿಲ್ಲಿಸಿದರೆ, ಹೊಲಕ್ಕೆ ಗೊಬ್ಬರ. ಹೊಲದವರು ಈ ಸೇವೆಯ ನಂಬರಿಗೆ ಫೋನ್ ಮಾಡಿ "ನಮ್ಮ ಹೊಲ ಖಾಲಿ ಐತೆ, ಬರ್ರಿ" ಎಂದು ಹೇಳಿಡುತ್ತಾರೆ. ಕುರಿಗಾರರು ಮನೆಯವರಿಗೂ ತಮ್ಮ ದನಿಯಲ್ಲಿ ಮಾತು ಮುದ್ರಿಸಿಡಬಹುದು. ಓದು ಬರದವರೂ ಒಂದು ಒತ್ತಿದರೆ ಕೇಳಬಹುದು. ಇಂಥ ಕೆಲಸ ಸಿಕ್ಕಿತೆಂದು ಊರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆ.

ನನಗೆ ಕೆಲಸ ಕಲಿಸಬೇಕಾದವರು ಪ್ರಸನ್ನ ಸರ್. ಸೋಮವಾರ ನಾನು ಕೇಳಿದ್ದು ಒಂದೇ: "ಸರ್, ಜನ ಬಳಸೋ ಮಷಿನ್ ಯಾವ್ದು, ನಾವು ಪರೀಕ್ಷೆ ಮಾಡೋದು ಯಾವ್ದು?"

"ಓಹೋ," ಎಂದು ಅವರು ಕುರ್ಚಿ ತಿರುಗಿಸಿದರು. "ಒಂದಕ್ಕೆ ಗಂಟೆ ಕಟ್ಟಿಸ್ಲೇನ್ರಿ? ಕುರಿ ಗುರುತು ಹಿಡಿದಂಗೆ ಹಿಡೀಬಹುದು." ಎಲ್ಲರೂ ನಕ್ಕರು. ಆಮೇಲೆ ಗೋಡೆಯ ಬಿಳಿ ಬೋರ್ಡಿನ ಮೂಲೆಯಲ್ಲಿ "ಇಂದಿನ ಪ್ರಶ್ನೆ" ಎಂದು ಬರೆದು, ಕೆಳಗೆ ನನ್ನ ಮಾತನ್ನೇ ಬರೆದರು. ಉತ್ತರವನ್ನು ಪಕ್ಕದ ಹುಡುಗಿ ಆಮೇಲೆ ಪಿಸುಗುಟ್ಟಿದಳು.

ಮಂಗಳವಾರ ಕರೆಗಳ ದಾಖಲೆ ಓದುತ್ತಿದ್ದೆ. ಒಂದು ನಂಬರು ದಿನವೂ ಸಂಜೆ ಅದೇ ಒಂದು ಧ್ವನಿಯನ್ನು ಕೇಳುತ್ತಿತ್ತು, ತಿಂಗಳುಗಳಿಂದ. ತಂತ್ರಾಂಶದ ದೋಷವೋ ಎಂದು ತಿಳಿಯಲು ಅದನ್ನು ನಾನೂ ಕೇಳಿಸಿಕೊಂಡೆ. ಹತ್ತೊಂಬತ್ತು ಸೆಕೆಂಡು, ಗಂಡಸಿನ ದನಿ, ಹಿಂದೆ ನಾಯಿ ಬೊಗಳುತ್ತಿತ್ತು. ಹೀಗೇಕೆ ಎಂದು ಕೇಳಿದಾಗ ಸರ್, "ಸಿನಿಮಾ ಹಾಡಂಗೆ ಇಷ್ಟ ಆಗಿರ್ಬೇಕು. ನೀವು ಹೋಗಿ ಕೇಳ್ಕೊಂಡು ಬರ್ರಿ," ಎಂದರು. ಅದೂ ಬೋರ್ಡಿಗೆ ಹೋಯಿತು.

ಬುಧವಾರ ಬ್ಯಾಕಪ್ ಬಗ್ಗೆ ಕೇಳಿದೆ. "ಬೆಳಿಗ್ಗೆ ನಾಲ್ಕಕ್ಕೆ ಆಗ್ತತಿ. ನಿಮ್ಮನ್ನ ಎಬ್ಬಿಸಿ ಮಾಡ್ಬೇಕಿತ್ತಾ?" ಯಾವುದರ ಬ್ಯಾಕಪ್ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಗುರುವಾರ ಏನನ್ನೂ ಕೇಳಲಿಲ್ಲ. ಸಂಜೆ ಹೊರಡುವಾಗ ಪ್ರಸನ್ನ ಸರ್ ಬೋರ್ಡು ನೋಡಿ, "ಅರೆ, ಖಾಲಿ! ಕಲಿತ್ರಿ ಬಿಡ್ರಿ," ಎಂದರು. ಬರೆಯಲು ನಾಚಿಕೆಯಾಗುತ್ತದೆ, ಅವತ್ತು ನನಗೆ ಖುಷಿಯಾಗಿತ್ತು. ಈ ಊರಿನಲ್ಲಿ ಗೆದ್ದ ಮೊದಲ ಗೆಲುವು ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ.

ಶುಕ್ರವಾರ ಕೊಟ್ಟ ಕೆಲಸ ಇದು. ಧ್ವನಿಗಳೆಲ್ಲ ಒಂದು ಫೋಲ್ಡರಿನಲ್ಲಿ ಫೈಲುಗಳಾಗಿ ಇರುತ್ತವೆ. ಯಾವ ಫೈಲು ಯಾರದು ಎಂಬ ಪಟ್ಟಿ ಡೇಟಾಬೇಸಿನಲ್ಲಿರುತ್ತದೆ. ಪಟ್ಟಿಯಲ್ಲಿಲ್ಲದ ಫೈಲು ಅನಾಥ, ಸುಮ್ಮನೆ ಜಾಗ ತಿನ್ನುತ್ತದೆ. ಅಂಥವನ್ನು ಹುಡುಕಿ ಅಳಿಸುವ ಪ್ರೋಗ್ರಾಮ್ ಬರೆದು, ಮೊದಲು ಪರೀಕ್ಷೆಯ ಮಷಿನ್ನಿನಲ್ಲಿ ನಡೆಸಬೇಕು.

ಬರೆದೆ. ಎಚ್ಚರಿಕೆಯಿಂದ, ಅಳಿಸುವ ಮುಂಚೆ ಲೆಕ್ಕ ತೋರಿಸುವಂತೆ ಬರೆದೆ. ಪರೀಕ್ಷೆಯ ಮಷಿನ್ನಿನ ಪಟ್ಟಿಯಲ್ಲಿದ್ದದ್ದು ನಲವತ್ತು ಹೆಸರು. ಫೋಲ್ಡರಿನಲ್ಲಿದ್ದದ್ದು ಆರು ಸಾವಿರಕ್ಕೂ ಹೆಚ್ಚು ಫೈಲು. ಪರೀಕ್ಷೆಯ ಮಷಿನ್ನಿನಲ್ಲಿ ಇಷ್ಟೊಂದು ಫೈಲು ಏಕೆ?

ಪ್ರಶ್ನೆ ಗಂಟಲಿಗೆ ಬಂತು. ಪ್ರಸನ್ನ ಸರ್ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಬೋರ್ಡು ನೋಡಿದೆ. ಖಾಲಿಯಾಗಿತ್ತು. ಪರೀಕ್ಷೆಯದ್ದಲ್ಲವೇ, ಹಳೆಯ ಕಸವಿರಬೇಕು ಎಂದುಕೊಂಡೆ. ಅಳಿಸಲೇ ಎಂಬುದಕ್ಕೆ ಹೌದು ಎಂದು ಒತ್ತಿದೆ.

ಒಂದು ಗಂಟೆಯ ನಂತರ ನ್ಯಾಮತಿಯಿಂದ ಮೊದಲ ದೂರು ಬಂತು. ಒತ್ತಿದರೆ ಏನೂ ಕೇಳುತ್ತಿಲ್ಲ ಎಂದು. ಪ್ರಸನ್ನ ಸರ್ ನನ್ನ ಪರದೆಯ ಮುಂದೆ ಬಂದು ನಿಂತರು. ಓದುತ್ತಾ ಹೋದಂತೆ ಅವರ ಮುಖದ ನಗು ಇಳಿಯಿತು. ಮಷಿನ್ನು ಎರಡು, ಡೇಟಾಬೇಸೂ ಎರಡು, ಆದರೆ ಧ್ವನಿಯ ಫೋಲ್ಡರು ಒಂದೇ. ಹಿಂದೆಂದೋ ಪರೀಕ್ಷೆಗೆ ನಿಜವಾದ ಧ್ವನಿ ಬೇಕೆಂದು ಸರ್ ಅವರೇ ಪರೀಕ್ಷೆಯ ಮಷಿನ್ನಿಗೂ ಅದನ್ನೇ ಜೋಡಿಸಿ ಮರೆತಿದ್ದರು. ನಾನು ಚಿಕ್ಕ ಪಟ್ಟಿ ಹಿಡಿದು ಎಲ್ಲರ ಧ್ವನಿಗಳನ್ನು ಅನಾಥ ಎಂದು ಅಳಿಸಿದ್ದೆ. ನಾಲ್ಕು ಗಂಟೆಯ ಬ್ಯಾಕಪ್ಪು ಡೇಟಾಬೇಸಿನದ್ದು ಮಾತ್ರ.

"ಕೇಳ್ಬಹುದಿತ್ತಲ್ಲಮ್ಮಾ," ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಾನು ಬೋರ್ಡಿನ ಕಡೆ ನೋಡಿದೆ. ಅವರೂ ನೋಡಿದರು.

ಹೊಸ ಕರೆಗಳು ಹಳೆಯ ಜಾಗದ ಮೇಲೆ ಬರೆದುಕೊಳ್ಳದಂತೆ ಸೇವೆ ನಿಲ್ಲಿಸಿದರು. ಡಿಸ್ಕಿನಲ್ಲಿ ಉಳಿದ ಚೂರುಗಳನ್ನು ಹೆಕ್ಕುವ ಪ್ರೋಗ್ರಾಮ್ ನಡೆಸಿದರು. ಸಿಕ್ಕವುಗಳಿಗೆ ಹೆಸರಿರಲಿಲ್ಲ, ಬರೀ ಅಂಕಿ. ಶನಿವಾರವಿಡೀ ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿ ಒಂದೊಂದೇ ಕೇಳಿ, ಯಾರದೆಂದು ಗುರುತು ಹಚ್ಚಿದೆವು. ಕುರಿಗಾರರು ಆಡುವ ಮಾತು ಗೊತ್ತಿದ್ದರಿಂದ ಹಳ್ಳಿ ಹೇಳುವುದು ನನಗೆ ಸುಲಭವಿತ್ತು. ಅವರು ನನ್ನನ್ನು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಆರು ಸಾವಿರದಲ್ಲಿ ಇನ್ನೂರಷ್ಟು ಮಾತ್ರ ಮರಳಿ ಸಿಕ್ಕವು. ಹಿಂದೆ ನಾಯಿ ಬೊಗಳುವ ಆ ದನಿ ಅವುಗಳಲ್ಲಿ ಇರಲಿಲ್ಲ.

ಸಂಜೆ ಸೇವೆ ಮತ್ತೆ ಶುರುವಾದ ಕೂಡಲೇ, ಅದನ್ನು ದಿನವೂ ಕೇಳುತ್ತಿದ್ದ ನಂಬರಿನಿಂದ ಆಫೀಸಿಗೆ ಫೋನ್ ಬಂತು. ನಾನೇ ಎತ್ತಿದೆ.

"ಯವ್ವಾ, ಒಂದು ಒತ್ತಿದ್ರೆ ನಮ್ಮನೆಯೋರು ಮಾತಾಡ್ತಿದ್ರು. ಎಳ್ಡು ದಿನ ಆತು, ಮಾತಾಡ್ತಿಲ್ಲ." ವಯಸ್ಸಾದ ಹೆಂಗಸು. ಹೆಸರು ಹನುಮಕ್ಕ ಎಂದರು. ಅವರಿಗೆ ಮತ್ತೊಮ್ಮೆ ಫೋನ್ ಮಾಡಿ ಮಾತಾಡಲು ಹೇಳಿ ಎಂದೆ, ತಿಳಿಯದೆ.

"ಎಲ್ಲಿ ಮಾಡ್ತಾರವ್ವಾ. ಹೊನ್ನಾಳಿ ಹತ್ರ ಕುರಿ ಹೊಡ್ಕಂಡು ಹೋಗುವಾಗ ಲಾರಿ ಬಡೀತು. ಹೋದ ಸುಗ್ಗೀಲೇ ಹೋದ್ರು. ಅದೊಂದೇ ಉಳ್ದಿತ್ತು."

ನಾನು ನಿಜ ಹೇಳಿದೆ. ಅಳಿಸಿದ್ದು ನಾನೇ, ಮತ್ತೆ ಬರುವುದಿಲ್ಲ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಕೇಳಿದ್ಯೇನವ್ವಾ ಅದನ್ನ?"

"ಒಂದು ಸಲ ಕೇಳಿದ್ದೆ."

"ಏನಂದಿದ್ರು ಹೇಳು. ನಂಗೆ ಮರ್ತು ಹೋದ್ರೆ?"

ಹೇಳಿದೆ. "ಹನುಮೀ, ನಾವು ಹೊನ್ನಾಳಿ ಈಚೆ ಇದೀವಿ. ಕುರಿ ಎಲ್ಲಾ ಚೆನ್ನಾಗಿದಾವೆ. ಕುಂಟ್ ಕುರಿ ಮರಿ ಹಾಕ್ತು. ಮಾತ್ರೆ ನುಂಗಾಕೆ ಮರೀಬ್ಯಾಡ. ಇಡ್ತೀನಿ." ಪದ ಒಂದೂ ತಪ್ಪಿರಲಿಲ್ಲ. ಆದರೆ ಅದು ನನ್ನ ದನಿ.

ಹನುಮಕ್ಕ ಮೂಗು ಒರೆಸಿಕೊಂಡ ಸದ್ದಾಯಿತು. "ಥೇಟ್ ನಮ್ಮ ಕಡೆ ಮಾತು ನಿಂದು. ಯಾವೂರವ್ವಾ?"

ಒಂದು ವಾರದಿಂದ ಚನ್ನಗಿರಿಯಲ್ಲಿ ಯಾರು ಕೇಳಿದರೂ ಬಿಳಿಚೋಡು ಎಂದು ತಲೆ ಎತ್ತಿ ಹೇಳಿದ್ದೆ. ಅಂಗಡಿಯವನಿಗೆ, ಬಸ್ಸಿನವನಿಗೆ, ಗಿರಿಜಕ್ಕನಿಗೆ. ನಮ್ಮ ಕಡೆಯವರೇ ಕೇಳಿದಾಗ ನನ್ನ ನಾಲಿಗೆ ತಿರುಗಲಿಲ್ಲ.

"ಚನ್ನಗಿರಿ," ಎಂದೆ.

"ಹಂಗಾ," ಎಂದು ಫೋನ್ ಇಟ್ಟರು.

ಈಗ ಇಲ್ಲಿ ನೀರು ತುಂಬಿ ಹರಿದರೆ ನಾನೂ ಓಡುವುದಿಲ್ಲ. ಬೋರ್ಡಿನ ಆ ಮೂಲೆಯನ್ನು ಪ್ರಸನ್ನ ಸರ್ ಒರೆಸಿದ್ದಾರೆ, ನಾನು ಕೇಳಿದರೆ ಉತ್ತರ ಕೊಡುತ್ತಾರೆ. ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ವಯಸ್ಸಾದ ಹೆಂಗಸು ಕುಳಿತು ಯಾವೂರೆಂದು ಕೇಳಿದರೆ, ಕಿಟಕಿಯಾಚೆ ನೋಡುತ್ತೇನೆ. ಜಗಳೂರು ಹತ್ತಿರವಾದಷ್ಟೂ ನನ್ನ ದನಿ ತಗ್ಗುತ್ತದೆ.