ಎಡಗೈ ಎತ್ತಿದವರ ಸೈಕಲ್ಲು

ಬಿ.ಎಡ್. ಮುಗಿಸಬೇಕಾದರೆ ಎಲ್ಲರೂ ಒಂದು ಪರೀಕ್ಷಾ ಪಾಠ ಮಾಡಲೇಬೇಕು. ತರಗತಿ ನಿಜವಾದದ್ದು, ಮಕ್ಕಳೂ ನಿಜವಾದವರು. ಹಿಂದಿನ ಬೆಂಚಿನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೂತಿರುತ್ತಾರೆ. ಪಾಠ ಕೆಟ್ಟರೆ ಮುಂದಿನ ವರ್ಷ ಜೂನಿಯರ್‌ಗಳ ನಡುವೆ ಕೂತು ಮತ್ತೆ ಅದೇ ಮಾಡಬೇಕು. ನನಗೆ ತಿಪಟೂರಿನ ಒಂದು ಖಾಸಗಿ ಶಾಲೆಯವರು ಜೂನ್‌ಗೆ ಬನ್ನಿ ಅಂದಿದ್ದರು, ಪಾಸಾದರೆ ಮಾತ್ರ. ಆದ್ದರಿಂದ ಪಾಠಕ್ಕೆ ಗೊತ್ತಾಗಿದ್ದ ಬುಧವಾರದ ಮೇಲೆ ದಿನಚರಿಯಲ್ಲಿ ಒಂದು ವಾರ ಮುಂಚೆಯೇ ಕೆಂಪು ಗೆರೆ ಎಳೆದಿದ್ದೆ.

ವಿಷಯವನ್ನು ಚೀಟಿ ಎತ್ತಿ ಆರಿಸುವುದು ನಮ್ಮ ಕಾಲೇಜಿನ ಪದ್ಧತಿ. ನನ್ನ ಗೆಳತಿಗೆ ‘ಎ, ಆ್ಯನ್, ದಿ’ ಬಂತು. ನನಗೆ ‘ವಿಶ್ ಮತ್ತು ಇಫ್ ಓನ್ಲಿ’. ಅವಳು ನನ್ನ ಚೀಟಿ ಓದಿ, “ಅಯ್ಯೋ ಪಾಪ, ನಿನ್ನ ಹಣೇಲಿ ಬರೆದಿದ್ದೇ ಇದು ಕಣೇ” ಎಂದು ಸಂತೋಷಪಟ್ಟಳು.

ನಮಗೆ ಪಾಠ ಹೇಳುವ ಮೇಡಂ ಕೊಟ್ಟ ನೋಟ್ಸಿನಲ್ಲಿ ಇದರ ಬಗ್ಗೆ ಒಂದೇ ಸಾಲಿತ್ತು: ವಿಶ್ ಆದ ಮೇಲೆ ಭೂತಕಾಲ ಬಳಸಿ. ಯಾಕೆ ಎಂದು ನಾನು ಕೇಳಿದೆ. “ರೂಲ್ ಅಮ್ಮಾ, ಹಂಗೆ ಬರ್ಕೋ” ಎಂದರು. ಬರೆದುಕೊಂಡೆ.

ಪಾಠಕ್ಕೆ ಗೊತ್ತಾದದ್ದು ತುರುವೇಕೆರೆಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ಮುಂಚಿನ ವಾರವೇ ಹೋಗಿ ಮಕ್ಕಳಿಗೆ ಪಾಠ ಒಂದು ಸಲ ಮಾಡಿ ತೋರಿಸುವುದು ನಾವೆಲ್ಲ ಮಾಡುವ ಕೆಲಸ. ಇದು ಯಾವ ಪುಸ್ತಕದಲ್ಲೂ ಇಲ್ಲ, ಎಲ್ಲರಿಗೂ ಗೊತ್ತು. ಪರೀಕ್ಷಕರ ಮುಂದೆ ಮಕ್ಕಳು ಮೊದಲ ಸಲ ಕೇಳಿದವರ ಹಾಗೆ ಕಣ್ಣರಳಿಸಬೇಕು. ಜೊತೆಗೆ ಇನ್ನೊಂದು ಉಪಾಯವನ್ನು ಸೀನಿಯರ್‌ಗಳು ಬಳುವಳಿಯಾಗಿ ಕೊಟ್ಟಿದ್ದರು: ಏನೇ ಕೇಳಿದರೂ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿರುವವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತವರಿಗೆ ಕಾಣುವುದು ಉತ್ಸಾಹದ ಕಾಡು. ನಾವು ಮಾತ್ರ ಬಲಗೈಗಳನ್ನು ಹುಡುಕಿ ಎಬ್ಬಿಸುತ್ತೇವೆ.

ಉದಾಹರಣೆ ವಾಕ್ಯ ಎಲ್ಲರಿಗೂ ಒಂದೇ ಇರಲಿ, ಗೊಂದಲ ಬೇಡ ಎಂದು ‘ಐ ವಿಶ್ ಐ ಹ್ಯಾಡ್ ಎ ಸೈಕಲ್’ ಎಂಬುದನ್ನು ಉರು ಹೊಡೆಸಿದೆ. ಎರಡನೇ ಸಾಲಿನಲ್ಲಿ ಸಂಪಿಗೆ ಎಂಬ ಹಳ್ಳಿಯಿಂದ ಬರುವ ಒಬ್ಬಳು ಹುಡುಗಿ ಇದ್ದಳು. ಎರಡು ಜಡೆ, ಬಾಯಿ ಮಾತ್ರ ನಾಲ್ಕು ಜನರದ್ದು.

“ಮಿಸ್, ಹ್ಯಾಡ್ ಅಂದ್ರೆ ಇತ್ತು ಅಲ್ವಾ? ಇತ್ತು ಅಂದ್ಮೇಲೆ ಯಾಕ್ ಆಸೆ ಪಡ್ಬೇಕು?”

“ಅದು ರೂಲ್ ಕಣಮ್ಮ.”

“ಯಾರ್ ಮಾಡಿದ್ದು ಮಿಸ್?”

“ಇಂಗ್ಲಿಷ್‌ನೋರು.”

“ಅವ್ರಿಗೆ ಸೈಕಲ್ ಕಳ್ದೋಗಿತ್ತೇನೋ ಬುಡಿ” ಎಂದು ಕೂತಳು. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಕಾಲೇಜಿರುವ ತಿಪಟೂರಿಗೆ ವಾಪಸು ಹೋಗುವ ಬಸ್ಸಿನಲ್ಲಿ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಉತ್ತರ ನನಗೂ ಗೊತ್ತಿರಲಿಲ್ಲ. ನ್ಯಾಯವಾಗಿ ನಾನು ಎಡಗೈ ಎತ್ತಬೇಕಾಗಿತ್ತು.

ಬುಧವಾರ ಬಂತು. ಪರೀಕ್ಷಕರು ಅರವತ್ತರ ಹತ್ತಿರದವರು, ಹಿಂದೆ ಎಲ್ಲೋ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಬೆಳಗ್ಗೆಯೇ ತೋಟಕ್ಕೆ ಹೋಗಿ ಬಂದಿದ್ದರೆಂದು ಕಾಣುತ್ತದೆ, ಪ್ಯಾಂಟಿನ ಅಂಚಿಗೆ ಮುಳ್ಳುಬೀಜ ಅಂಟಿತ್ತು. ಹಿಂದಿನ ಬೆಂಚಿನಲ್ಲಿ, ನನ್ನ ಪಾಠ ನೋಡಲು ಬಂದಿದ್ದ ಗೆಳತಿಯ ಪಕ್ಕ ಕೂತರು.

ಮೊದಲ ಹತ್ತು ನಿಮಿಷ ಮದುವೆ ಮನೆಯ ಹಾಗೆ ನಡೆಯಿತು. ಕೇಳಿದ್ದಕ್ಕೆಲ್ಲ ಕೈಗಳ ಕಾಡು. ಎಬ್ಬಿಸಿದವರೆಲ್ಲ ‘ಐ ವಿಶ್ ಐ ಹ್ಯಾಡ್ ಎ ಸೈಕಲ್’. ನಾಲ್ಕನೆಯವನೂ ಸೈಕಲ್ಲನ್ನೇ ಬಯಸಿದಾಗ ಪರೀಕ್ಷಕರು ಎದ್ದು ನಿಂತರು.

“ಒಂದ್ನಿಮಿಷ ಅಮ್ಮಾ. ಈ ಊರಲ್ಲಿ ಸೈಕಲ್‌ಗೆ ಇಷ್ಟೊಂದು ಬರ ಬಂದಿದ್ಯಾ? ಮಕ್ಕಳೇ, ಸೈಕಲ್ ಇರೋರು ಕೈ ಎತ್ತಿ ನೋಡಣ.”

ತರಗತಿಯಲ್ಲಿದ್ದವರು ಮೂವತ್ತೆರಡು, ಮೂವತ್ತೆರಡು ಕೈಗಳೂ ಎದ್ದವು.

ಅವರು ಬಾಗಿಲಾಚೆ ನೋಡಿದರು. ಗೋಡೆಗೆ ಒರಗಿದ ಸೈಕಲ್ಲುಗಳು ಅಷ್ಟೊಂದಿರಲಿಲ್ಲ. ಮತ್ತೆ ಕೈಗಳನ್ನು ನೋಡಿದರು. ಒಬ್ಬ ಹುಡುಗನ ಹತ್ತಿರ ಬಂದು ಕೇಳಿದರು.

“ನೀನ್ಯಾಕಪ್ಪ ಎಡಗೈ ಎತ್ತಿದೀಯ?”

“ನನ್ ಹತ್ರ ಸೈಕಲ್ ಇಲ್ಲ ಸಾರ್.”

“ಇಲ್ದೋನು ಕೈ ಯಾಕ್ ಎತ್ದೆ?”

“ಇಲ್ದಿದ್ರೆ ಎಡಗೈ ಸಾರ್, ಮಿಸ್ ಹೇಳವ್ರೆ.”

ನನ್ನ ಗೆಳತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪರೀಕ್ಷಕರು ಹೋಗಿ ಕೂತರು, ಪೆನ್ನಿನ ಕ್ಯಾಪು ತೆಗೆದರು. ಇಡೀ ತರಗತಿ ಕೈ ಎತ್ತಿಕೊಂಡೇ ಇತ್ತು, ಇಳಿಸಿ ಎಂದು ನಾನು ಹೇಳಿರಲಿಲ್ಲವಲ್ಲ. ಪಕ್ಕದ ಹಿತ್ತಲಲ್ಲಿ ಯಾರೋ ಕಾಯಿ ಸುಲಿಯುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಸಂಪಿಗೆಯ ಹುಡುಗಿ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಇವತ್ತು ಭಾನುವಾರ ಆಗಿದ್ದಿದ್ರೆ ಚೆನ್ನಾಗಿತ್ತು ಕಣೇ.”

ನನಗೂ ಅದೇ ಅನ್ನಿಸುತ್ತಿತ್ತು, ಅದೇ ಮಾತಿನಲ್ಲಿ. ಆಗ ಹೊಳೆಯಿತು.

“ಎದ್ದು ನಿಂತ್ಕೊ. ಇನ್ನೊಂದ್ಸಲ ಹೇಳು.”

ಅವಳು ಎದ್ದಳು, ಬೈಸಿಕೊಳ್ಳುವ ಮುಖ ಮಾಡಿಕೊಂಡು ಹೇಳಿದಳು.

“ಇವತ್ತು ಯಾವ ವಾರ?”

“ಬುಧವಾರ ಮಿಸ್.”

“ಚೆನ್ನಾಗಿತ್ತು ಅಂದ್ಯಲ್ಲ, ಯಾವಾಗ ಚೆನ್ನಾಗಿತ್ತು? ನಿನ್ನೆನಾ?”

“ನಿನ್ನೆ ಏನೈತೆ ಮಿಸ್ ಚೆನ್ನಾಗಿರಾಕೆ, ಮಂಗಳವಾರ. ಈಗ್ಲೇ.”

“ಈಗಿನ ವಿಷಯಕ್ಕೆ ‘ಇತ್ತು’ ಯಾಕೆ? ಇವತ್ತು ಭಾನುವಾರ ಆದ್ರೆ ಚೆನ್ನಾಗಿರುತ್ತೆ ಅಂತ ಅನ್ಬೋದಲ್ಲ.”

“ಹಂಗಂದ್ರೆ ಇನ್ನೂ ಆಗ್ಬೋದು ಅಂದಂಗಾಯ್ತದೆ. ಇದು ಆಗಲ್ವಲ್ಲ ಮಿಸ್, ಬುಧವಾರ ಆಗೋಗೈತೆ.”

ಬೋರ್ಡಿನ ಕಡೆ ತಿರುಗಿದೆ. ಪಾಠಯೋಜನೆ ಮೇಜಿನ ಮೇಲೆ ಬಿದ್ದಿತ್ತು, ಅದನ್ನು ಮುಟ್ಟಲಿಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗೆರೆ ಎಳೆದು ಅದರ ಮೇಲೆ ನಿಂತೆ. ಈ ಗೆರೆ ಇವತ್ತಿನ ನಿಜ: ಇವತ್ತು ಬುಧವಾರ. ನಿಜವಲ್ಲದ್ದನ್ನು ಇದರ ಮೇಲೆ ನಿಂತು ಹೇಳಿದರೆ ಸುಳ್ಳಾಗುತ್ತದೆ, ಅದಕ್ಕೆ ಒಂದು ಹೆಜ್ಜೆ ದೂರ ಹೋಗಿ ಹೇಳುತ್ತೇವೆ. ಕ್ರಿಯಾಪದಕ್ಕೆ ದೂರ ಹೋಗಲು ಕಾಲಿಲ್ಲ, ಇರುವುದು ಹಿಂದಿನ ಕಾಲದ ರೂಪವೊಂದೇ. ನಾನು ಒಂದು ಹೆಜ್ಜೆ ಹಿಂದಿಟ್ಟು ‘ಐ ವಿಶ್ ಇಟ್ ವರ್ ಸಂಡೇ’ ಎಂದೆ. ರೂಪ ಹಿಂದಿನದು, ಸಂಕಟ ಈಗಿನದು. ಇನ್ನೊಂದು ಹೆಜ್ಜೆ ಹಿಂದಿಟ್ಟು, ಆಗಿಹೋದದ್ದಕ್ಕೆ ಕೊರಗಬೇಕಾದರೆ ಇಲ್ಲಿಗೆ ಬರಬೇಕು ಎಂದು ‘ಐ ವಿಶ್ ಐ ಹ್ಯಾಡ್ ಸ್ಟಡೀಡ್ ಎಸ್ಟರ್ಡೇ’ ಎಂದೆ. ನಿನ್ನೆ ಮೊದಲೇ ಹಿಂದಿದೆ, ನಿನ್ನೆ ನಡೆಯದೇ ಇದ್ದದ್ದು ಅದಕ್ಕೂ ಹಿಂದೆ. ಇಷ್ಟು ಹೇಳುವಾಗ ಬೆನ್ನು ಬೋರ್ಡಿಗೆ ತಾಗಿ, ಅಲ್ಲಿ ಮೊದಲೇ ಬರೆದಿದ್ದ ಇಡೀ ಪಾಠ ಸೀರೆಯ ಮೇಲೆ ಅಚ್ಚಾಗಿತ್ತು.

“ಇಟ್ ಜೊತೆ ವಾಸ್ ಅಲ್ವಾ ಮಿಸ್?” ಎಂದ ಒಬ್ಬ ಬಲಗೈ.

“ಮಾತಾಡೋವಾಗ ವಾಸ್ ಅಂದ್ರೂ ನಡೆಯುತ್ತೆ. ಬರೆಯೋವಾಗ ವರ್ ಬರಿ. ಇಟ್ ಜೊತೆ ವರ್ ನೋಡಿದ ತಕ್ಷಣ ಇದು ನಿಜವಾದ ನಿನ್ನೆ ಅಲ್ಲ ಅಂತ ಗೊತ್ತಾಗ್ಲಿ.”

ಆಮೇಲೆ ಕೈಗಳ ಕಡೆ ತಿರುಗಿದೆ. ಹೇಗೂ ಗುಟ್ಟು ಬಯಲಾಗಿದೆ, ಬಳಸಿಕೊಳ್ಳುವುದೇ ಸರಿ ಎನ್ನಿಸಿತು. ಎಡಗೈಯವರು ಹದಿಮೂರು ಮಂದಿ, ಸೈಕಲ್ ಇಲ್ಲದವರು. ‘ಐ ವಿಶ್ ಐ ಹ್ಯಾಡ್ ಎ ಸೈಕಲ್’ ಎನ್ನುವ ಹಕ್ಕಿರುವುದು ಅವರಿಗೆ ಮಾತ್ರ ಎಂದೆ. ಆ ಹದಿಮೂರು ಮಂದಿ ಹಿಂದೆಂದೂ ಅಷ್ಟು ಗತ್ತಿನಿಂದ ಕೂತಿರಲಿಲ್ಲ.

“ನಾವೇನ್ ಮಾಡ್ಬೇಕು ಮಿಸ್?” ಎಂದು ಬಲಗೈಯವರು ಕೇಳಿದರು. ಸೈಕಲ್ ಇರೋರಿಗೆ ಕಷ್ಟವೇ ಇಲ್ಲವೇ ಎಂದೆ. ಸುರುವಾಯಿತು. ಒಬ್ಬನಿಗೆ ಸೈಕಲ್ಲಿಗೆ ಬ್ರೇಕ್ ಇಲ್ಲ: ಐ ವಿಶ್ ಇಟ್ ಹ್ಯಾಡ್ ಬ್ರೇಕ್ಸ್. ಇನ್ನೊಬ್ಬಳು ತಮ್ಮನನ್ನು ಕೂರಿಸಿಕೊಂಡೇ ಬರಬೇಕು: ಐ ವಿಶ್ ಐ ಡಿಡಂಟ್ ಹ್ಯಾವ್ ಎ ಬ್ರದರ್. ಇದನ್ನು ತಿದ್ದಲು ಹೋದೆ, ಆದರೆ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಸಂಕಟ ಇನ್ನೂ ಜೋರಾಗಿದ್ದರೆ ವಿಶ್ ಬಿಟ್ಟು ಇಫ್ ಓನ್ಲಿ ಹಾಕಿ ಎಂದೆ. ಅವಳು ತಕ್ಷಣ ಹಾಕಿದಳು.

ಇನ್ನೇನು ಬೆಲ್ಲು ಹೊಡೆಯಬೇಕು, ಸಂಪಿಗೆಯವಳು ಹಿಂದಕ್ಕೆ ತಿರುಗಿದಳು.

“ಸಾರ್, ನೀವೂ ಒಂದು ಹೇಳಿ ಸಾರ್.”

ಪರೀಕ್ಷಕರು ಕ್ಯಾಪು ತೆಗೆದ ಪೆನ್ನನ್ನು ಹಾಗೇ ಹಿಡಿದುಕೊಂಡು ಕಿಟಕಿಯಾಚೆ ನೋಡಿದರು. ಆಮೇಲೆ ನಿಜವಾದ ದುಃಖದಲ್ಲಿ ಹೇಳಿದರು.

“ಇಫ್ ಓನ್ಲಿ ಐ ಹ್ಯಾಡ್ ಎ ಮ್ಯಾನ್ ಟು ಪಿಕ್ ಮೈ ಕೋಕೋನಟ್ಸ್. ಮರ ಹತ್ತೋರೇ ಸಿಕ್ತಿಲ್ಲ ಕಣ್ರಪ್ಪ. ಕಾಯಿ ತಾನಾಗೇ ಉದುರ್ತಾವೆ, ಹೋದೋರು ಬಂದೋರು ಆಯ್ಕೊಂಡು ಹೋಯ್ತಾವ್ರೆ.”

“ನಮ್ಮಾವ ಕೀಳ್ತಾನೆ ಸಾರ್” ಎಂದಳು ಸಂಪಿಗೆಯವಳು.

“ಯಾವೂರಮ್ಮ? ಬತ್ತಾನಾ?”

“ಕೇಳ್ನೋಡ್ತೀನಿ ಸಾರ್. ಬಂದ್ರೂ ಬತ್ತಾನೆ.”

ಇಲ್ಲಿ ಸುಮ್ಮನಿದ್ದರೆ ಯಾವ ನಷ್ಟವೂ ಇರಲಿಲ್ಲ. ಆದರೆ ಪಾಠ ನನ್ನ ಕೈಹಿಡಿದು ಎಳೆಯುತ್ತಿತ್ತು.

“ಸರ್, ನೀವೀಗ ಇಫ್ ಓನ್ಲಿ ಅನ್ನೋ ಹಾಗಿಲ್ಲ,” ಎಂದೆ. “ಅವ್ರ ಮಾವ ಬರ್ಬೋದಲ್ಲ. ಐ ಹೋಪ್ ಹಿ ಕಮ್ಸ್ ಅನ್ಬೇಕು. ಹೋಪ್ ಆದ್ರೆ ಹಿಂದಕ್ಕೆ ಹೋಗೋದು ಬೇಡ, ಗೆರೆ ಮೇಲೇ ನಿಂತು ಹೇಳ್ಬೋದು.”

ಗೆಳತಿ ಸೆರಗನ್ನು ಮತ್ತೆ ಬಾಯಿಗೆ ಒಯ್ದಳು. ಪರೀಕ್ಷಕರು ನನ್ನನ್ನು ನೋಡಿದರು.

“ಐ ಹೋಪ್ ಹಿ ಕಮ್ಸ್” ಎಂದರು, ಒಂಬತ್ತನೇ ತರಗತಿಯವರ ಹಾಗೆ ಒಂದೊಂದೇ ಪದ ಬಿಡಿಸಿ. ಬೆಲ್ಲು ಹೊಡೆಯಿತು.

ಮಕ್ಕಳು ಹೋದ ಮೇಲೆ ನನ್ನನ್ನು ಕರೆದರು. “ಪಾಠಯೋಜನೆಯಲ್ಲಿ ಇರೋದು ಒಂದು, ಮಾಡಿದ್ದು ಇನ್ನೊಂದು. ಏನಂತ ಬರೀಲಿ?”

“ಐ ವಿಶ್ ಐ ಹ್ಯಾಡಂಟ್ ಟಾಟ್ ದೆಮ್ ದ ಲೆಫ್ಟ್ ಹ್ಯಾಂಡ್, ಸರ್.”

“ಎಷ್ಟು ಹೆಜ್ಜೆ ಹಿಂದೆ?”

“ಎರಡು ಸರ್.”

ಅವರು ಬರೆದರು, ನನಗೆ ಕಾಣದ ಹಾಗೆ ಕೈ ಅಡ್ಡ ಇಟ್ಟುಕೊಂಡು. ಹೊರಗೆ ಹೋಗುವಾಗ ಗೋಡೆಯ ಹತ್ತಿರ ನಿಂತಿದ್ದ ಸಂಪಿಗೆಯವಳಿಂದ ಮಾವನ ಫೋನ್ ನಂಬರ್ ಬರೆಸಿಕೊಂಡರು. ಅವಳು ನಾಲ್ಕು ಸಲ ತಿರುಗಿಸಿ ಹೇಳಿಸಿ ಸರಿ ಇದೆಯೇ ಎಂದು ನೋಡಿದಳು.

ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ‘ಎ, ಆ್ಯನ್, ದಿ’ ಮಾಡಿದ ಗೆಳತಿಗೆ ನನಗಿಂತ ಎರಡು ಅಂಕ ಜಾಸ್ತಿ, ಅದನ್ನು ಅವಳು ಈಗಲೂ ಜ್ಞಾಪಿಸುತ್ತಾಳೆ. ಜೂನ್‌ನಲ್ಲಿ ತಿಪಟೂರಿನ ಶಾಲೆಗೆ ಸೇರಿದೆ. ಮೊದಲ ದಿನ ನಾನು ಏನೋ ಕೇಳಿದಾಗ ಹಿಂದಿನ ಸಾಲಿನಲ್ಲಿ ಒಂದು ಎಡಗೈ ಮೇಲೆದ್ದಿತು. ಯಾವ ಶಾಲೆಯಿಂದ ಬಂದೆ ಎಂದು ಕೇಳಲಿಲ್ಲ. ಅವನನ್ನೇ ಮೊದಲು ಎಬ್ಬಿಸಿದೆ.