ಹದಿನೈದು ಡಿಗ್ರಿ

ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅವರಿಗೆ ಕಡ್ಡಿ ಮೇಡಂ ಎಂದೇ ಹೆಸರು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಿದ್ದರಲ್ಲ, ಅದಕ್ಕೆ. ಮಕ್ಕಳ ರೆಕಾರ್ಡ್ ತಿದ್ದುವಾಗ ಕೆಂಪು ಪೆನ್ನು, ಬೈಯುವಾಗ ಅದಕ್ಕಿಂತ ಕೆಂಪು ಮುಖ. ಆದರೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಈ ಹೆಂಗಸಿಗೆ ಒಂದೇ ಆಸೆ: ತಂಗಿ ತನ್ನನ್ನು ಮತ್ತೆ 'ನೀನು' ಅನ್ನಬೇಕು.

ತಂಗಿ ಮಾತು ಬಿಟ್ಟಿರಲಿಲ್ಲ, ಬಿಟ್ಟಿದ್ದರೇ ವಾಸಿಯಿತ್ತು. ವರ್ಷಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. "ಚೆನ್ನಾಗಿದ್ದೀರಾ? ಊಟ ಆಯ್ತಾ?" ಬೆನ್ನ ಮೇಲೆ ಹೊತ್ತು ಬೆಳೆಸಿದ ಹುಡುಗಿ ಬ್ಯಾಂಕಿನ ಕೌಂಟರಿನಲ್ಲಿ ಕೂತವಳ ಹಾಗೆ ಮಾತಾಡಿದರೆ ಕರುಳು ಕಿತ್ತು ಬರುವುದಿಲ್ಲವೇ?

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ತಂಗಿ ಎಂ.ಎಸ್ಸಿ. ವಿದ್ಯಾರ್ಥಿನಿ, ಅಕ್ಕ ತಾತ್ಕಾಲಿಕ ಕೆಲಸದ ಮೇಲಿದ್ದ ಬೋಧಕಿ. ಅವತ್ತಿನ ಪ್ರಯೋಗ ಗಾಮಾ ಕಿರಣದ್ದು. ಸೀಸದ ಗೂಡಿನೊಳಗಿನ ಸೀಸಿಯಂ ಎಂಬ ವಿಕಿರಣ ಧಾತುವಿನಿಂದ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣ ಹೊರಟು ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತದೆ. ಅಲ್ಲಿನ ಎಲೆಕ್ಟ್ರಾನುಗಳನ್ನು ಪರಮಾಣು ಹಿಡಿದುಕೊಂಡಿರುವ ಬಿಗಿ ಇಷ್ಟು ದೊಡ್ಡ ಪೆಟ್ಟಿನ ಮುಂದೆ ಲೆಕ್ಕಕ್ಕೇ ಇಲ್ಲ, ಬಿಡುಬೀಸಾಗಿವೆ ಎಂದೇ ತಿಳಿಯಬಹುದು. "ದಾರಿ ಎಷ್ಟು ತಿರುಗ್ತೋ ಅಷ್ಟು ಶಕ್ತಿ ಎಲೆಕ್ಟ್ರಾನಿಗೆ ಕೊಟ್ಟು ಹೋಗುತ್ತೆ, ಬೇರೆ ಏನನ್ನೂ ಕೇಳಲ್ಲ, ಕೋನ ಒಂದೇ" ಎಂದು ಮೇಡಂ ಪ್ರತಿ ವರ್ಷ ಹೇಳುತ್ತಿದ್ದರು. ಅರವತ್ತು ಡಿಗ್ರಿಗೆ ತಿರುಗಿದ ಕಿರಣದಲ್ಲಿ 402 ಉಳಿಯಬೇಕು, ತೊಂಬತ್ತಕ್ಕೆ 288.

ತಂಗಿ ಅರವತ್ತಕ್ಕೆ 480 ಬರೆದಿದ್ದಳು.

"ಮನಸ್ಸಿಗೆ ಬಂದಿದ್ದು ಗೀಚಿದ್ದೀಯ, ಕಳ್ಳಿ! ಎಲ್ಲರಿಗೂ 402 ಬಂದಿದೆ, ನಿನಗೊಬ್ಬಳಿಗೆ ಏನು ಸ್ಪೆಷಲ್ಲಾ?" ಎಂದು ತರಗತಿಯ ಎದುರೇ ಕೂಗಿ ಅಕ್ಕ ಸೊನ್ನೆ ಹಾಕಿದ್ದಳು. ತಂಗಿ ಅನ್ನೋ ಕಾರಣಕ್ಕೆ ಎರಡು ಪಾಲು ಜೋರಾಗಿಯೇ ಕೂಗಿದ್ದಳು. ಆ ವಾರವೇ ಹುಡುಗಿ ಓದು ಬಿಟ್ಟಳು. ಈಗ ಬೇರೆ ಊರಲ್ಲಿ ಔಷಧಿ ಅಂಗಡಿ ನಡೆಸುತ್ತಾಳೆ.

ಮೊನ್ನೆ ಸೋಮವಾರ ಜೋಡಿ ಜಡೆಯ ಹುಡುಗಿಯೊಬ್ಬಳು ರೆಕಾರ್ಡ್ ಹಿಡಿದು ಬಂದಳು. ಕಣ್ಣಲ್ಲಿ ನೀರು.

"ಮೇಡಂ, ಮೂರು ಸಲ ಮಾಡ್ದೆ. ಅರವತ್ತಕ್ಕೆ 480ನೇ ಬರ್ತಿದೆ."

"ಉಳಿದೋರಿಗೆ?"

"ಅವರು ಸೂತ್ರಕ್ಕೆ ಹಾಕಿ ಉತ್ತರ ಬರ್ಕೋತಾರೆ ಮೇಡಂ. ಎಲ್ಲಾ ಬ್ಯಾಚೂ ಹಾಗೇನೇ. ನೀವು 402 ಇಲ್ದಿದ್ರೆ ಮಾರ್ಕ್ಸ್ ಕೊಡಲ್ವಲ್ಲ."

ಮೇಡಂ ರೆಕಾರ್ಡ್ ಕಸಿದು ನೋಡಿದರು. ಅದೇ ಅಂಕಿ. ಲೆಕ್ಕವನ್ನು ತಿರುವಿ ಹಾಕಿದರು: 480 ಉಳಿಯಬೇಕಾದರೆ ಕಿರಣ ತಿರುಗಿರಬೇಕಾದದ್ದು ನಲವತ್ತೈದೇ ಡಿಗ್ರಿ. ಎದ್ದು ಹೋಗಿ ಗೂಡಿನ ಮುಚ್ಚಳ ಮುಚ್ಚಿ, ಅದರ ಬಾಯಿಯಿಂದ ಸರಳಿನ ಮೇಲೆ ಹಾಯಿಸಿ ಕಿರಣ ಅಳೆಯುವ ಡಿಟೆಕ್ಟರಿನ ನಡುವಿನ ತನಕ ದಾರ ಎಳೆದು, ಮೂರೂ ನೇರವಾಗುವ ಹಾಗೆ ಡಿಟೆಕ್ಟರ್ ಕೂರಿಸಿದ ತೋಳನ್ನು ಸರಿಸಿದರು. ಕೋನ ತೋರಿಸುವ ಮುಳ್ಳು ಸೊನ್ನೆಯ ಮೇಲಿರಬೇಕಿತ್ತು. ಹದಿನೈದು ತೋರಿಸುತ್ತಿತ್ತು.

ಬಗ್ಗಿ ನೋಡಿದರು. ಮುಳ್ಳಿನ ತಗಡಿಗೆ ಅಕ್ಕಪಕ್ಕ ಎರಡು ತೂತು. ತಿರುಪು ಪಕ್ಕದ ತೂತಿನಲ್ಲಿ ಕೂತಿತ್ತು. ತಂಗಿ ಓದುತ್ತಿದ್ದ ಆ ವರ್ಷ ಎಣ್ಣೆ ಹಾಕಲು ಇದನ್ನು ಬಿಚ್ಚಿ ಜೋಡಿಸಿದವರು ಯಾರು? ಅವರೇ. ಅಯ್ಯೋ ದೇವರೇ, ಅವರ ಕೈಯೇ! ತಿರುಪನ್ನು ಸರಿಯಾದ ತೂತಿಗೆ ಹಾಕಿ ಹುಡುಗಿಯಿಂದ ಮತ್ತೆ ಅಳೆಸಿದರು. ಅರವತ್ತಕ್ಕೆ 402ರ ಆಸುಪಾಸಿನಲ್ಲೇ ಬಂತು. ಇಪ್ಪತ್ತೆರಡು ವರ್ಷ ಮಕ್ಕಳೆಲ್ಲ ಸರಿ ಉತ್ತರವನ್ನು ಸುಳ್ಳಾಗಿ ಬರೆದುಕೊಟ್ಟಿದ್ದರು. ಕಂಡದ್ದನ್ನೇ ಬರೆದವಳಿಗೆ ಕಳ್ಳಿ ಎಂಬ ಹೆಸರು.

ಹುಡುಗಿಗೆ ಪೂರ್ತಿ ಅಂಕ ಕೊಟ್ಟು ಕಳಿಸಿ, ಖಾಲಿ ಲ್ಯಾಬಿನಲ್ಲಿ ಕೂತು ತಂಗಿಗೆ ಫೋನ್ ಹಚ್ಚಿದರು.

"ಪುಟ್ಟೀ, ನಿನ್ನ 480 ಸರಿ ಇತ್ತು ಕಣೇ. ಮುಳ್ಳು ಹದಿನೈದು ಡಿಗ್ರಿ ಆಚೆ ಇತ್ತು. ತಪ್ಪು ಜೋಡಿಸಿದ್ದು ನಾನೇ."



"ಗೊತ್ತು," ಎಂದಳು ತಂಗಿ. "ಮಾರನೇ ದಿನವೇ ನಾನು ದಾರ ಕಟ್ಟಿ ನೋಡಿದ್ದೆ."

"ಗೊತ್ತಿತ್ತಾ? ಮತ್ತೆ ಬಾಯಿ ಬಿಡಬಾರದಿತ್ತೇನೇ?"

"ಆ ತಿಂಗಳು ನಿಮ್ಮ ಕೆಲಸ ಕಾಯಂ ಆಗೋದಿತ್ತು. ಮುಳ್ಳು ಜೋಡಿಸಿದ್ದು ಯಾರು ಅಂತ ಕೇಳ್ತಿದ್ರು. ಏನಂತ ಹೇಳ್ಲಿ?"

ಮೇಡಂಗೆ ಅಳು ತಡೆಯಲಾಗಲಿಲ್ಲ. ಲ್ಯಾಬೆಲ್ಲ ಮಾರ್ದನಿಸುವ ಹಾಗೆ ಅತ್ತರು. "ಬೈಯೇ ನನ್ನನ್ನ. ಬಾಯಿಗೆ ಬಂದ ಹಾಗೆ ಬೈಯೇ. ಒಂದೇ ಒಂದ್ಸಲ 'ನೀನು' ಅಂತ ಬೈದು ಬಿಡೇ ಪುಟ್ಟೀ."

"ಬೈಯೋಕೇನಿದೆ ಬಿಡಿ," ಎಂದಳು ತಂಗಿ, ಮೆತ್ತಗೆ. "ಅಂಗಡಿಗೆ ಯಾರೋ ಬಂದ್ರು. ನೀವು ಊಟ ಮಾಡಿ."