ಕೆರೆದು ತಂದ ತಲೆ

ಚರ್ಮದ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ಅಂಟಿಕೊಂಡೇ ಒಂದು ಚಿಕ್ಕ ಲ್ಯಾಬ್ ಇತ್ತು. ಅದರೊಳಗೆ ಒಂದು ಮೇಜು, ಒಂದು ಮೈಕ್ರೋಸ್ಕೋಪು, ಕೈ ತೊಳೆಯುವ ಸಿಂಕು, ಮತ್ತು ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತಿರುವ ಒಬ್ಬಾಕೆ. ಜನರ ತಲೆಯಿಂದ, ಉಗುರಿನಿಂದ, ಕಾಲ್ಬೆರಳ ಸಂದಿನಿಂದ ಪುಡಿ ಕೆರೆದು ಗಾಜಿನ ಮೇಲಿಟ್ಟು, ಅದರಲ್ಲಿ ಫಂಗಸ್ ಇದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಆಕೆಯ ಕೆಲಸ. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಹೊಟ್ಟಕ್ಕ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು. ತಲೆಹೊಟ್ಟಿನ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದಕ್ಕೆ ಅದೇ ಪುರಾವೆ ಎಂದುಕೊಂಡು ಸುಮ್ಮನಿದ್ದಳು.

ಹೊಟ್ಟಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬರುವವರೂ ಹಾಗೇ ಇದ್ದರೆನ್ನಿ. ಒಬ್ಬರು ತಲೆಗೆ ನಿಂಬೆರಸ ಉಜ್ಜಿಕೊಂಡು ಉರಿ ಉರಿ ಎಂದು ಬರುವರು. ಇನ್ನೊಬ್ಬರು ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಟ್ಯೂಬನ್ನು ಆರು ತಿಂಗಳು ಹಚ್ಚಿ, ಅಂಗೈಯಗಲದ ಹುಳುಕಡ್ಡಿಯನ್ನು ತಲೆತುಂಬ ಬೆಳೆಸಿಕೊಂಡು ಬರುವರು. ಜನರ ತಲೆಯೊಳಗೆ ಏನಾದರೂ ಇದೆಯೇ ಎಂಬ ಬಗ್ಗೆ ಆಕೆಗೆ ಅನುಮಾನವಿತ್ತು. ತಲೆಯ ಮೇಲಿರುವುದಂತೂ ಕಣ್ಣಿಗೆ ಕಾಣುತ್ತಿತ್ತು. ಈ ಮಾತನ್ನು ಆಕೆ ಹೊರಗಿನ ಬೆಂಚಿನವರಿಗೆ ಕೇಳುವಂತೆಯೇ ಹೇಳುತ್ತಿದ್ದಳು.

ಆವತ್ತು ಮಧ್ಯಾಹ್ನ ಒಬ್ಬ ತಾಯಿ ತನ್ನ ಹದಿನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಒಳಗೆ ಬಂದಳು. ಹುಡುಗಿಯ ಜಡೆ ಸೊಂಟ ಮುಟ್ಟುತ್ತಿತ್ತು. ಡಾಕ್ಟರ ಚೀಟಿಯಲ್ಲಿ 'ಶಾಂಪೂ ಎಂಟು ವಾರ, ಕಡಿಮೆಯಿಲ್ಲ, ಫಂಗಸ್ ನೋಡಿ' ಎಂದಿತ್ತು.

"ಪಾರ್ಲರ್‌ನವರು ಇದು ಹುಳುಕಡ್ಡೀನೇ ಅಂದ್ರು ಮೇಡಂ," ಎಂದಳು ತಾಯಿ. "ಬೋಳಿಸದೆ ಹೋಗಲ್ಲವಂತೆ. ನಾಲ್ಕು ಗಂಟೆಗೆ ಬರೋಕೆ ಹೇಳಿದ್ದಾರೆ. ಅದಕ್ಕೆ ಮೊದ್ಲು ಇಲ್ಲಿ ಇನ್ನೊಂದು ಸಲ ತೋರಿಸೋಣ ಅಂತ."

ಹುಡುಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಗೋಡೆ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

"ಪಾರ್ಲರ್‌ನವರು ಯಾವ ಕಾಲೇಜಲ್ಲಿ ಓದಿದ್ದಾರಂತೆ?" ಎಂದು ಹೊಟ್ಟಕ್ಕ ಮೂಗು ಮುರಿದಳು. "ಹುಳುಕಡ್ಡಿ ಆದ್ರೂ ಬೋಳಿಸಿ ಏನು ಬಂತು? ಅದು ಕೂದಲಿನ ಬುಡದೊಳಗೆ ಇರುತ್ತೆ. ವಾರಗಟ್ಟಲೆ ಮಾತ್ರೆ ನುಂಗಬೇಕು."

ಹುಡುಗಿಯನ್ನು ದೀಪದ ಕೆಳಗೆ ಕೂರಿಸಿ ಬೈತಲೆ ತೆಗೆದು ನೋಡಿದಳು. ತಲೆ ಕೆಂಪಗಿತ್ತು, ಅಲ್ಲೊಂದು ಇಲ್ಲೊಂದು ಸಣ್ಣ ಪುಡಿಯಿತ್ತು. ಇಷ್ಟಕ್ಕೇ ಈ ರಂಪವೇ ಎಂದುಕೊಂಡಳು. ಆದರೆ ಬರಿಯ ಹೊಟ್ಟಾಗಿದ್ದರೆ ಜಿಡ್ಡು ಜಿಡ್ಡಾಗಿ ತಲೆಯಿಡೀ ಉದುರಬೇಕು, ಹುಬ್ಬಿನಲ್ಲೋ ಮೂಗಿನ ಪಕ್ಕದಲ್ಲೋ ಒಂದಿಷ್ಟು ಇರಬೇಕು. ಇಲ್ಲಿ ಹಾಗಿರಲಿಲ್ಲ. ಬದಲಿಗೆ ಸಾಲುಸಾಲಾಗಿ ಗೀರುಗಳಿದ್ದವು. ಕೆಲವು ಕಡೆ ರಕ್ತ ಚುಕ್ಕಿಯಾಗಿ ಒಣಗಿತ್ತು.

"ಇದೇನಮ್ಮ, ತಲೆಗೆ ಉಳುಮೆ ಮಾಡಿದ್ದೀರಾ?"

"ಹೇನಿನ ಬಾಚಣಿಗೇಲಿ ಕ್ಲೀನ್ ಮಾಡ್ದೆ," ಎಂದಳು ತಾಯಿ ತಗ್ಗಿದ ದನಿಯಲ್ಲಿ. "ಇಲ್ಲಿಗೆ ಬರೋ ಹಿಂದಿನ ದಿನ ಎಲ್ಲ ಕೆರೆದು ತೆಗೆದು ತೊಳೆಸ್ತೀನಿ."

ಹೊಟ್ಟಕ್ಕನಿಗೆ ನಗು ಬಂತು, ಒಳ್ಳೆಯ ನಗುವಲ್ಲ. ರೋಗ ಮನೆಯಲ್ಲೇ ಬಿಟ್ಟು ಬಂದು ಡಾಕ್ಟರಿಗೆ ಔಷಧಿ ಕೇಳುವ ಜನ ಎಂದುಕೊಂಡಳು. ಉಳಿದ ಅಷ್ಟಿಷ್ಟನ್ನೇ ಮೊಂಡು ಬ್ಲೇಡಿನಿಂದ ಕೆರೆದು, ಎರಡು ಕೂದಲನ್ನು ಬುಡಸಮೇತ ಕಿತ್ತು ಗಾಜಿನ ಮೇಲಿಟ್ಟು, ಪೊಟ್ಯಾಶ್ ದ್ರಾವಣದ ಹನಿ ಬಿಟ್ಟಳು. ಅದು ಚರ್ಮದ ಪುಡಿಯನ್ನು ಕರಗಿಸಲು ಕಾಲು ಗಂಟೆ ಬೇಕು.

ಅಷ್ಟರಲ್ಲಿ ಹುಡುಗಿ ಬ್ಯಾಗಿನಿಂದ ಜಾಮೆಟ್ರಿ ಬಾಕ್ಸ್ ತೆಗೆದಳು. ಅದರೊಳಗಿಂದ ಮಡಚಿದ ನೋಟ್‌ಬುಕ್ ಹಾಳೆಯೊಂದನ್ನು ಎತ್ತಿ ಕೊಟ್ಟಳು.

"ಆಂಟಿ, ನಿನ್ನೆ ಅಮ್ಮ ಕೆರೆದದ್ದು. ಬಿಸಾಕ್ತಿದ್ಲು, ನಾನು ಎತ್ತಿಟ್ಕೊಂಡೆ."

ತಾಯಿ ನಾಚಿಕೆಯಿಂದ ಹಾಳೆಗೆ ಕೈ ಹಾಕಿದಳು. ಹೊಟ್ಟಕ್ಕ ಮೊದಲೇ ಬಿಚ್ಚಿಯಾಗಿತ್ತು. ಒಳಗಿದ್ದದ್ದು ಪುಡಿಯಲ್ಲ, ಚೂರುಗಳು. ಒಣಗಿದ, ದಪ್ಪನೆಯ, ಸುಣ್ಣದ ಗೋಡೆಯ ಚಕ್ಕೆಯಂಥವು, ಬೆಳಕಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

ಹೊಟ್ಟಕ್ಕ ಹುಡುಗಿಯ ಕಿವಿ ಮಡಚಿ ಹಿಂದೆ ನೋಡಿದಳು. ಅಲ್ಲಿಗೆ ಬಾಚಣಿಗೆ ಹೋಗಿರಲಿಲ್ಲ. ಕೆಂಪು ಪಟ್ಟೆಯೊಂದು ಕೂದಲಿನ ಗಡಿ ದಾಟಿ ಕತ್ತಿನವರೆಗೆ ಬಂದಿತ್ತು, ಅಂಚು ಗೆರೆ ಎಳೆದಷ್ಟು ಸ್ಪಷ್ಟ. ತೋಳು ಮಡಚಲು ಹೇಳಿದಳು. ಮೊಣಕೈಯಲ್ಲೂ ಅದೇ ಚಕ್ಕೆ. ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು. ಹುಳುಕಡ್ಡಿಯಾಗಿದ್ದರೆ ಇರಬೇಕಾದ ಮುರಿದ ಕೂದಲು, ಬೋಳು ತೇಪೆ, ಕತ್ತಿನ ಹಿಂದೆ ಗಂಟು, ಒಂದೂ ಇರಲಿಲ್ಲ. ಕಾಲು ಗಂಟೆ ಕಳೆದ ಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಫಂಗಸ್‌ನ ಎಳೆಗಳೂ ಕಾಣಲಿಲ್ಲ.

ಡಾಕ್ಟರು ಬಂದು ಎಲ್ಲವನ್ನೂ ನೋಡಿದರು.

"ಸೋರಿಯಾಸಿಸ್ ಇದು," ಎಂದರು. "ಅಂಟೋದಲ್ಲ. ಎಂಟು ವಾರ ಫಂಗಸ್ ಶಾಂಪೂ ಹಾಕಿರೋದ್ರಿಂದ ಸ್ಲೈಡ್ ಒಂದನ್ನೇ ನಂಬಕ್ಕಾಗಲ್ಲ. ಫಂಗಸ್ ಬೆಳೆಯುತ್ತಾ ಅಂತ ನೋಡೋಕೆ ಒಂದು ಸ್ಯಾಂಪಲ್ ಕಲ್ಚರ್‌ಗೂ ಕಳಿಸ್ತೀನಿ, ಮೂರ್ನಾಲ್ಕು ವಾರ ಆಗುತ್ತೆ. ಆದ್ರೆ ನನಗೆ ಅನುಮಾನ ಇಲ್ಲ. ಚಕ್ಕೆ ಮೆತ್ತಗಾಗೋಕೆ ಒಂದು ಮುಲಾಮು, ಉರಿಯೂತಕ್ಕೆ ಒಂದು ಲೋಶನ್. ಪೂರ್ತಿ ಹೋಗಿಬಿಡುತ್ತೆ ಅಂತ ಹೇಳಲ್ಲ, ಬಂದು ಹೋಗ್ತಾ ಇರುತ್ತೆ. ಹತೋಟೀಲಿ ಇಡಬಹುದು."

"ಕೂದಲು?" ಎಂದಳು ಹುಡುಗಿ.

"ಕೂದಲು ಯಾಕೆ ತೆಗೀಬೇಕು? ಹಾಗೇ ಇರ್ಲಿ."

ಹುಡುಗಿ ಜಡೆಯನ್ನು ಬೆನ್ನ ಮೇಲಕ್ಕೆ ಬಿಟ್ಟಳು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಡಾಕ್ಟರು ಆಕೆಯ ಕಡೆ ತಿರುಗಿದರು.

"ಆದ್ರೆ ಕೆರೆದಷ್ಟೂ ಇದು ಹೆಚ್ಚಾಗುತ್ತಮ್ಮ. ಗಾಯ ಆದಲ್ಲೆಲ್ಲ ಹೊಸದಾಗಿ ಏಳುತ್ತೆ. ಈ ಚಕ್ಕೆ ಹೋದ ಸಲ ನೋಡಿದ್ರೆ ಅವತ್ತೇ ಹೇಳಿರ್ತಿದ್ದೆ. ಕೆರೆದು ಯಾಕೆ ತಂದ್ರಿ?"

"ಅದನ್ನೇ ನಾನೂ ಕೇಳ್ತಿದ್ದೆ ಸಾರ್," ಎಂದಳು ಹೊಟ್ಟಕ್ಕ. "ಯಾವ ಮಹಾತ್ಮರು ಹೇಳಿಕೊಟ್ರೋ."

ತಾಯಿ ಹೊಟ್ಟಕ್ಕನ ಕಡೆ ನೋಡಿದಳು.

"ನೀವೇ ಮೇಡಂ," ಎಂದಳು. "ಮೊದಲನೇ ಸಲ ಬಂದಾಗ ತಲೇಲಿ ಎಣ್ಣೆ ಇತ್ತು. ಎಣ್ಣೆ ಇದ್ರೆ ಸ್ಲೈಡ್ ಹಾಳಾಗುತ್ತೆ ಅಂತ ವಾಪಸ್ ಕಳಿಸಿದ್ರಿ. ಆಮೇಲೆ, 'ಹೆಣ್ಣು ಮಗು ತಲೇನ ಕಸದ ಬುಟ್ಟಿ ಮಾಡಿದ್ದೀಯಲ್ಲ, ನೀನೂ ಒಬ್ಳು ತಾಯಾ' ಅಂದ್ರಿ. ಬೆಂಚಿನ ಮೇಲೆ ಇದ್ದವರೆಲ್ಲ ನಕ್ರು. ಅವತ್ತಿಂದ ಒಂದು ಚೂರೂ ಬಿಡದೆ ಕೆರೀತೀನಿ. ಇವಳು ಅಳ್ತಾಳೆ, ಹಿಡಿದು ಕೂರಿಸಿ ಕೆರೀತೀನಿ."

ಹೊಟ್ಟಕ್ಕನಿಗೆ ಆ ದಿನ ನೆನಪಿರಲಿಲ್ಲ. ಅಂಥ ಮಾತು ದಿನಕ್ಕೆ ನಾಲ್ಕು ಸಲ ಆಡುತ್ತಿದ್ದಳು, ಯಾವುದನ್ನೆಂದು ನೆನಪಿಡುವುದು. ಆಡಿರಲಾರೆ ಎಂದು ಮಾತ್ರ ಆಕೆಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಹುಡುಗಿಯ ತಲೆಯ ಗೀರುಗಳನ್ನು ಮತ್ತೊಮ್ಮೆ ನೋಡಿದಳು. ಡಾಕ್ಟರು ಚೀಟಿ ಬರೆಯಲು ತಮ್ಮ ಕೋಣೆಗೆ ಹೋದರು.

ಹೊಟ್ಟಕ್ಕ ಗ್ಲೌಸ್ ಬಿಚ್ಚಿದಳು.

"ತಪ್ಪು ನಂದಮ್ಮ," ಎಂದಳು. "ನೀವು ಒಳ್ಳೇ ತಾಯಿ."

ಬೇರೆ ದನಿಯಲ್ಲಿ ಹೇಳಬೇಕೆಂದುಕೊಂಡಿದ್ದಳು. ಆದರೆ ಆ ಬಾಯಿಗೆ ರೂಢಿಯಾಗಿದ್ದದ್ದು ಚುಚ್ಚುವ ದನಿ ಒಂದೇ, ಮಾತು ಅದರಲ್ಲೇ ಬಂತು. ತಾಯಿಯ ಮುಖ ಸುಟ್ಟಂತಾಯಿತು.

"ಆಡ್ಕೊಂಡಿದ್ದು ಸಾಕು ಮೇಡಂ," ಎಂದಳು. "ಮಗು ಮುಂದೆ ಬೇಡ."

ಮಗಳ ಕೈ ಹಿಡಿದು ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.